ಎಳ್ಳ ಅಮವಾಸ್ಯೆಗೆ ವಾರ್ಡಿನ ಎಲ್ಲರಿಗೂ ಸಲ್ಲುವ ಶುಭಾಶಯ ಬರೆಯಬೇಕು, ಕರಡು ನೋಡಿ ಹೇಳಿ

ವಾರ್ಡ್ ಸದಸ್ಯೆ, ಭಾಲ್ಕಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಗ್ರಾಮ ಪಂಚಾಯ್ತಿ ಸದಸ್ಯೆ. 2025ರ ಡಿಸೆಂಬರ್ 19, ಶುಕ್ರವಾರ ಎಳ್ಳ ಅಮವಾಸ್ಯೆ. ಊರ ಕಟ್ಟೆ ಹತ್ತಿರ ಒಂದು ಬೋರ್ಡ್ ಹಾಕಿ, ವಾರ್ಡಿನ ವಾಟ್ಸಾಪ್ ಗುಂಪಿಗೂ ಅದನ್ನೇ ಕಳಿಸಬೇಕು ಅಂತಿದ್ದೇನೆ. ನನ್ನ ವಾರ್ಡಿನಲ್ಲಿ ಲಿಂಗಾಯತರು, ಮರಾಠರು, ಮುಸ್ಲಿಮರು ಇದ್ದಾರೆ. ಅಂಬೇಡ್ಕರ್ ಓಣಿಯಲ್ಲಿ ಬೌದ್ಧರೂ ಕ್ರೈಸ್ತರೂ ಇದ್ದಾರೆ. ಊರಾಚೆ ಲಂಬಾಣಿ ತಾಂಡಾ ಇದೆ. ಯಾರಿಗೂ "ಇದು ನಮಗಲ್ಲ" ಅನ್ನಿಸಬಾರದು. ಪ್ರಿಂಟಿಂಗ್ ಅಂಗಡಿಯಲ್ಲಿ ಸಿಕ್ಕ ಮಾದರಿ ಇದು:

"ನಾಡಿನ ಸಮಸ್ತ ರೈತ ಬಾಂಧವರಿಗೆ ಎಳ್ಳ ಅಮವಾಸ್ಯೆಯ ಹಾರ್ದಿಕ ಶುಭಾಶಯಗಳು. ಭೂತಾಯಿಯು ಸರ್ವರಿಗೂ ಸುಖ, ಶಾಂತಿ, ಸಮೃದ್ಧಿಯನ್ನು ಕರುಣಿಸಲಿ. ಶುಭ ಕೋರುವವರು…"

ಓದಿದರೆ ತಪ್ಪೇನೂ ಕಾಣುವುದಿಲ್ಲ. ಆದರೂ ಮನಸ್ಸು ಒಪ್ಪುತ್ತಿಲ್ಲ. ಏನು ಬದಲಿಸಲಿ?

ಸಾಫ್ಟ್‌ವೇರ್ ಹುಡುಗ, ಕಲಬುರಗಿ

ಅಕ್ಕಾ, ಸುಲಭ ಇದೆ. ಮೇಲೆ ಓಂ, ಚಂದ್ರ, ಶಿಲುಬೆ ಮೂರೂ ಹಾಕಿಬಿಡಿ. ಕೆಳಗೆ "ಸರ್ವ ಧರ್ಮ ಬಾಂಧವರಿಗೆ" ಅಂತ ಬರೆಯಿರಿ. ಹೇಗೂ ಆರು ದಿನಕ್ಕೆ ಕ್ರಿಸ್‌ಮಸ್, ಆಮೇಲೆ ಹೊಸ ವರ್ಷ. ಎಲ್ಲ ಒಂದೇ ಬೋರ್ಡಿನಲ್ಲಿ ಮುಗಿಯುತ್ತದೆ. "ರೈತ ಬಾಂಧವರು" ಅಂದರೆ ಅದು ಎಲ್ಲರಿಗೂ ಹೇಳಿದ ಹಾಗಾಗುವುದಿಲ್ಲ. ಅದನ್ನು ಮಾತ್ರ ತೆಗೆಯಲೇಬೇಕು.

ನಿವೃತ್ತ ಮಾಸ್ತರ್, ಹುಮನಾಬಾದ್

ತಂಗೀ, ಈ ಹುಡುಗ ಕೊನೆಗೆ ಹೇಳಿದ್ದು ಸರಿ. ಚಿಹ್ನೆಯ ವಿಷಯ ಮಾತ್ರ ಸರಿ ಇಲ್ಲ. ಮೂರು ಚಿಹ್ನೆ ಹಾಕಿದ ಕೂಡಲೇ ನಾಲ್ಕನೆಯವರು ಕೇಳುತ್ತಾರೆ. ನಿಮ್ಮ ಓಣಿಯ ಬೌದ್ಧರ ಧಮ್ಮಚಕ್ರ ಎಲ್ಲಿ? ಲಿಂಗಾಯತರ ಇಷ್ಟಲಿಂಗ? ತಾಂಡಾದ ಸೇವಾಲಾಲರು? ಬೀದರ್ ಜಿಲ್ಲೆ ಅಂದಮೇಲೆ ನಾನಕ್ ಝೀರಾದ ಸಿಖ್ಖರು? ಎಲ್ಲ ಹಾಕಿದರೂ ಯಾವುದು ಮೊದಲು, ಯಾವುದು ದೊಡ್ಡದು ಅನ್ನುವ ಮಾತು ಬಂದೇ ಬರುತ್ತದೆ. ಚಿಹ್ನೆಯೇ ಬೇಡ.

ಈ ಹಬ್ಬಕ್ಕೆ ಚಿಹ್ನೆ ಬೇಕಾಗಿಯೂ ಇಲ್ಲ. ನಮ್ಮ ಕಡೆ ಎಳ್ಳ ಅಮಾಸಿ ಅಂದರೆ ಹೊಲ. ಜೋಳದ ದಂಟು ಕಟ್ಟಿ ಕೊಂಪೆ ಮಾಡಿ, ಅದರೊಳಗೆ ಐದು ಕಲ್ಲು ಇಟ್ಟು ಪಾಂಡವರು ಅಂತ ಪೂಜೆ ಮಾಡುತ್ತಾರೆ. ಮಾಡಿದ ಅಡುಗೆಯನ್ನೇ ಚರಗ ಅಂತ ಹೊಲದ ತುಂಬ ಚೆಲ್ಲುತ್ತಾರೆ. ಆಮೇಲೆ ಹೊಲದಲ್ಲೇ ಊಟ. ಪೂಜೆ ಮನೆಯವರದ್ದು. ಊಟ ಮಾತ್ರ ದಾರಿಯಲ್ಲಿ ಹೋಗುವವರಿಗೂ ಸೇರಿದ್ದು. ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಅಂಬಲಿ, ಹೋಳಿಗೆ. ಇದರಲ್ಲಿ ಯಾರೂ ಉಣ್ಣಬಾರದ್ದು ಒಂದೂ ಇಲ್ಲ. ಹಾಗಾಗಿ ದೇವರ ಕಡೆಯಿಂದ ಶುರು ಮಾಡದೆ, ಹೊಲದ ಕಡೆಯಿಂದ ಶುರು ಮಾಡಿ.

ಆದರೆ ಹೊಲ ಅಂದ ಕೂಡಲೇ ಇನ್ನೊಂದು ಪ್ರಶ್ನೆ ಬರುತ್ತದೆ. ಹೊಲ ಇಲ್ಲದವರು? ನಿಮ್ಮ ಕರಡು ಬಿಟ್ಟಿರುವುದು ಯಾವ ಧರ್ಮದವರನ್ನೂ ಅಲ್ಲ. ಭೂಮಿ ಇಲ್ಲದವರನ್ನು ಬಿಟ್ಟಿದೆ. "ರೈತ" ಅಂದರೆ ಊರಲ್ಲಿ ಪಹಣಿಯಲ್ಲಿ ಹೆಸರಿರುವವರು ಅಂತಲೇ ತಿಳಿಯುತ್ತಾರೆ. ಬಿತ್ತಿದ ಕೂಲಿಯವರು, ಕಳೆ ತೆಗೆದ ಹೆಣ್ಣುಮಕ್ಕಳು ಆ ಸಾಲಿನಲ್ಲಿ ಬರುವುದಿಲ್ಲ. "ಬಾಂಧವರು" ಅಂದಾಗ ರಾತ್ರಿಯೆಲ್ಲ ಅಡುಗೆ ಮಾಡುವವರೂ ನೆನಪಿಗೆ ಬರುವುದಿಲ್ಲ.

ಇನ್ನು "ನಾಡಿನ ಸಮಸ್ತ". ಕಾಯ್ದೆ ಪ್ರಕಾರ ಸುಮಾರು 400 ಜನರಿಗೆ ಒಬ್ಬ ಸದಸ್ಯರು. ನಾಡಿಗೆ ಹೇಳುವವರು ಬೇರೆ ಇದ್ದಾರೆ. ನೀವು ನಿಮ್ಮ 400 ಜನರ ಮುಖ ನೆನಪಿಟ್ಟುಕೊಂಡು ಬರೆಯಿರಿ.

ದಾಲ್ ಮಿಲ್ ಕಾಕಾ

ಹಬ್ಬಕ್ಕೆ ಪಂಚಾಯ್ತಿಯಿಂದ ಅನುದಾನ ಬರುತ್ತಾ? ನಮ್ಮೂರ ಜಾತ್ರೆಗೂ ಕೇಳಬೇಕಿತ್ತು. ಲೈಟಿನ ಖರ್ಚೇ ಜಾಸ್ತಿ ಆಗುತ್ತದೆ. ಯಾರಿಗೆ ಅರ್ಜಿ ಕೊಡಬೇಕು?

ನಿವೃತ್ತ ಮಾಸ್ತರ್, ಹುಮನಾಬಾದ್

ಕಾಕಾ, ಇಲ್ಲಿ ಮಾತಾಡುತ್ತಿರುವುದು ಶುಭಾಶಯದ ಬಗ್ಗೆ. ಜಾತ್ರೆಯ ಬೀದಿದೀಪ, ನೀರು, ಸ್ವಚ್ಛತೆಯ ವಿಷಯ ಇದ್ದರೆ ಪಿಡಿಓ ಅವರನ್ನು ಕೇಳಿ. ತಂಗೀ, ನಿಮಗೂ ಇದರಲ್ಲಿ ಒಂದು ಮಾತಿದೆ. ಸದಸ್ಯರ ಹೆಸರಿನ ಶುಭಾಶಯಕ್ಕೆ ಪಂಚಾಯ್ತಿ ದುಡ್ಡು ಮುಟ್ಟಬೇಡಿ. ಕಸದ ಗಾಡಿಯ ಮೈಕ್ ಕೂಡ ಬೇಡ. ಅದು ಪಂಚಾಯ್ತಿಯ ಸೂಚನೆಗೆ ಇರುವುದು. ನಿಮ್ಮ ಸ್ವಂತ ಮಾತಿಗೆ ಅಲ್ಲ.

ತೊಗರಿ ಬೆಳೆಗಾರ, ಚಿತ್ತಾಪುರ

"ಸಮೃದ್ಧಿ ಕರುಣಿಸಲಿ" ಅನ್ನುವ ಸಾಲು ಈ ವರ್ಷ ಓದಲು ಕಷ್ಟ ಆಗುತ್ತದೆ. ಆಗಸ್ಟ್, ಸೆಪ್ಟೆಂಬರ್ ಮಳೆಗೆ ನಮ್ಮ ಕಡೆ ತೊಗರಿ ಹೊಲದಲ್ಲಿ ನೀರು ನಿಂತು ಬೇರು ಕೊಳೆಯಿತು. ಬೀದರ್ ಕಡೆ ಉದ್ದು, ಸೋಯಾ ಹೋಯಿತು ಅಂತ ಕೇಳಿದ್ದೇನೆ. ಪರಿಹಾರದ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ನನ್ನ ಹೊಲವನ್ನು ಪಾಲಿಗೆ ಮಾಡುವವನ ಹೆಸರು ಬಂದಿಲ್ಲ. ಬಿತ್ತಿದ್ದು ಅವನು. ಅಂಥ ಮನೆಯವರು ಕಟ್ಟೆ ಹತ್ತಿರ ಬಂದು "ಸಮೃದ್ಧಿ" ಅಂತ ಓದಿದರೆ ಏನನ್ನಿಸಬಹುದು? ಮಳೆ ಹಾಳು ಮಾಡಿದ್ದನ್ನು ಒಂದು ಸಾಲಲ್ಲಿ ಹೇಳಿ. ಹಬ್ಬದ ದಿನ ದುಃಖ ಯಾಕೆ ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಾಫ್ಟ್‌ವೇರ್ ಹುಡುಗ, ಕಲಬುರಗಿ

ಚಿಹ್ನೆಯ ಮಾತು ಒಪ್ಪಿದೆ ಸರ್. ಆದರೆ ಕ್ರಿಸ್‌ಮಸ್ ಸೇರಿಸಿದರೆ ಏನು ತೊಂದರೆ? ಬೇರೆ ಬೋರ್ಡಿನ ಖರ್ಚು ಉಳಿಯುತ್ತದಲ್ವಾ.

ನಿವೃತ್ತ ಮಾಸ್ತರ್, ಹುಮನಾಬಾದ್

ಖರ್ಚು ಉಳಿಯುತ್ತದೆ, ನಿಜ. ಆದರೆ ಬೋರ್ಡಿನಲ್ಲಿ ಹೊಲಕ್ಕೆ ಆರು ಸಾಲು ಸಿಗುತ್ತದೆ, ಕ್ರಿಸ್‌ಮಸ್‌ಗೆ ಕೊನೆಯಲ್ಲಿ ಅರ್ಧ ಸಾಲು. ಆ ಓಣಿಯವರಿಗೆ ತಮ್ಮ ಹಬ್ಬವನ್ನು ಇನ್ನೊಬ್ಬರ ಹಬ್ಬಕ್ಕೆ ಅಂಟಿಸಿದ ಹಾಗೆ ಕಾಣುತ್ತದೆ. ಡಿಸೆಂಬರ್ 24ಕ್ಕೆ ಅವರ ಚರ್ಚ್ ಹತ್ತಿರ ಅದೇ ಅಳತೆಯ ಬೋರ್ಡ್, ಅದೇ ದೊಡ್ಡ ಅಕ್ಷರ ಇರಲಿ.

ಎಲ್ಲರನ್ನೂ ಒಂದೇ ಶುಭಾಶಯದಲ್ಲಿ ತುರುಕಲು ಹೋಗಬೇಡಿ. ವರ್ಷವಿಡೀ ಯಾರ ಹಬ್ಬ ಬಿಟ್ಟುಹೋಯಿತು ಅಂತ ನೋಡಿಕೊಳ್ಳಿ. ಒಂದು ಕ್ಯಾಲೆಂಡರ್ ಇಟ್ಟು ಗುರುತು ಹಾಕಿ. 2026ರ ಫೆಬ್ರವರಿ 15 ನೋಡಿ. ಅವತ್ತು ಶಿವರಾತ್ರಿ, ಅವತ್ತೇ ಸೇವಾಲಾಲ್ ಜಯಂತಿ. ಶಿವರಾತ್ರಿ ಶುಭಾಶಯ ಮಾತ್ರ ಹೋದರೆ ತಾಂಡಾದವರಿಗೆ ಕೂಡಲೇ ಗೊತ್ತಾಗುತ್ತದೆ. ಮಾರ್ಚ್ 19ಕ್ಕೆ ಯುಗಾದಿ. ಅದರ ಬೆನ್ನಿಗೇ ರಂಜಾನ್ ಹಬ್ಬ, 20 ಅಥವಾ 21. ಅದು ಚಂದ್ರ ಕಂಡ ಮೇಲೆ ನಿಶ್ಚಯ ಆಗುವುದು. ಹಾಗಾಗಿ ರಂಜಾನ್ ಬೋರ್ಡಿನಲ್ಲಿ ತಾರೀಖು ಮೊದಲೇ ಬರೆಸಬೇಡಿ.

ಮೊಹರಂ ಬಂದಾಗ ಇನ್ನೂ ಸ್ವಲ್ಪ ಜಾಗ್ರತೆ ಬೇಕು. ನಮ್ಮ ಹಳ್ಳಿಗಳಲ್ಲಿ ಅಲಾಯಿ ಕುಣಿಗೆ ಎಲ್ಲ ಜಾತಿಯವರೂ ಬರುತ್ತಾರೆ, ಹಬ್ಬ ಅಂತಲೇ ಕರೆಯುತ್ತಾರೆ. ಆದರೆ ಅದು ಕರ್ಬಲಾದಲ್ಲಿ ಹುಸೇನರು ಮಡಿದ ನೆನಪಿನ ದಿನ. "ಹಾರ್ದಿಕ ಶುಭಾಶಯ" ಅಂದರೆ ಕೆಲವು ಮನೆಗಳಿಗೆ ನೋವಾಗುತ್ತದೆ. ಮೊದಲು ಅವರನ್ನೇ ಕೇಳಿ ಬರೆಯಿರಿ.

ಪಾಲುದಾರ ರೈತ, ಔರಾದ್

ಅಕ್ಕಾ, ಸಲಾಂ. ನಮ್ಮ ಮನೆಯವರೂ ಎಳ್ಳ ಅಮಾಸಿಗೆ ಹೊಲಕ್ಕೆ ಹೋಗುತ್ತೇವೆ. ಎಷ್ಟೋ ವರ್ಷದಿಂದ ಹೀಗೇ. ಪಕ್ಕದ ಹೊಲದವರ ಜೊತೆ ಸೇರಿ ಬಿತ್ತುತ್ತೇವೆ. ಕಲ್ಲಿನ ಪೂಜೆ ಅವರು ಮಾಡುತ್ತಾರೆ, ನಾವು ಆ ಹೊತ್ತಿಗೆ ದನಕ್ಕೆ ನೀರು ಕುಡಿಸಿ ಬರುತ್ತೇವೆ. ಊಟಕ್ಕೆ ಎಲ್ಲರೂ ಒಂದೇ ಕಡೆ. ನಮ್ಮ ಅಮ್ಮ ಮಾಡುವ ಭಜ್ಜಿಯಲ್ಲಿ ಹಸಿ ಕಡಲೆ ಜಾಸ್ತಿ. ಅದಕ್ಕೇ ಆ ಮನೆಯ ಮಕ್ಕಳು ಕಾಯುತ್ತಾರೆ.

ಈ ಸಲ ಅಮಾಸಿ ಶುಕ್ರವಾರ ಬಂದಿದೆ. ಜುಮ್ಮಾ ನಮಾಜು ಮುಗಿಸಿ ಬರುವ ಹೊತ್ತಿಗೆ ಎರಡು ಗಂಟೆ ದಾಟುತ್ತದೆ. ಬೋರ್ಡಿನಲ್ಲಿ ಊಟದ ಸಮಯ ಹಾಕುವುದಾದರೆ ಅದನ್ನು ನೋಡಿಕೊಂಡು ಹಾಕಿ. "ಭೂತಾಯಿ ಕರುಣಿಸಲಿ" ಅನ್ನುವುದನ್ನು ನಾನು ತಪ್ಪು ಅನ್ನುವುದಿಲ್ಲ. ನನ್ನ ಮಗ ಅದನ್ನು ಸ್ಟೇಟಸ್ ಹಾಕುವುದಿಲ್ಲ, ಅಷ್ಟೇ. "ಬೆಳೆ ಚೆನ್ನಾಗಿ ಬರಲಿ" ಅಂದರೆ ಹಾಕುತ್ತಾನೆ.

ವಾರ್ಡ್ ಸದಸ್ಯೆ, ಭಾಲ್ಕಿ ತಾಲ್ಲೂಕು

ಭಾಯ್, ಶುಕ್ರವಾರದ ವಿಷಯ ಯಾರೂ ಹೇಳಿರಲಿಲ್ಲ. ತುಂಬ ಉಪಕಾರ ಆಯಿತು. ನಿಮ್ಮೆಲ್ಲರ ಮಾತು ಸೇರಿಸಿ ಎರಡನೆಯ ಕರಡು ಬರೆದಿದ್ದೇನೆ:

"ನಮ್ಮ ವಾರ್ಡಿನ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಶುಕ್ರವಾರ ಎಳ್ಳ ಅಮವಾಸ್ಯೆ. ಮಳೆಗೆ ಉದ್ದು, ಸೋಯಾ ಹೋದವು. ಹಿಂಗಾರಿ ಜೋಳ, ಕಡಲೆ ಕೈ ಹಿಡಿಯಲಿ. ಬಿತ್ತಿದವರಿಗೆ, ಕಳೆ ತೆಗೆದವರಿಗೆ, ದನ ಕಾಯುವವರಿಗೆ, ಅಡುಗೆ ಮಾಡಿ ಹೊಲಕ್ಕೆ ಹೊತ್ತು ತರುವವರಿಗೆ, ಎಲ್ಲರಿಗೂ ಹಬ್ಬದ ಶುಭಾಶಯ. ಹೊಲ ಇಲ್ಲದವರು ನಮ್ಮ ಹೊಲಕ್ಕೆ ಊಟಕ್ಕೆ ಬನ್ನಿ."

ಅಂಬೇಡ್ಕರ್ ಓಣಿ, ಬಸವಕಲ್ಯಾಣ

ಮೇಡಂ, ಮೊದಲಿನದಕ್ಕಿಂತ ನೂರು ಪಾಲು ಮೇಲು. "ಕಳೆ ತೆಗೆದವರಿಗೆ" ಅಂತ ಓದಿದಾಗ ನಮ್ಮ ಅವ್ವ ನೆನಪಾದಳು. ಆದರೆ ಕೊನೆಯ ಸಾಲು ನನಗೆ ಚುಚ್ಚಿತು. ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಚಿಕ್ಕವನಿದ್ದಾಗ ಎಳ್ಳ ಅಮಾಸಿಗೆ ಅವ್ವ ದುಡಿಯುವ ಹೊಲಕ್ಕೆ ನಮ್ಮನ್ನೂ ಕರೆಯುತ್ತಿದ್ದರು. ಎಲ್ಲರೂ ಕೊಂಪೆಯ ಹತ್ತಿರ ಕೂತರೆ ನಾವು ಬದುವಿನ ಮೇಲೆ ಕೂರಬೇಕಿತ್ತು. ಊಟ ಹೊಟ್ಟೆ ತುಂಬ ಹಾಕುತ್ತಿದ್ದರು. ಕೈಗೆ ಮೇಲಿನಿಂದ ಬೀಳುತ್ತಿತ್ತು. "ಎಲ್ಲರೂ ಬರ್ರಿ" ಅಂತಲೇ ಕರೆದಿದ್ದರು. ಹಾಗಾಗಿ ಬೋರ್ಡಿನಲ್ಲಿ "ಹೊಲ ಇಲ್ಲದವರು ಬನ್ನಿ" ಅಂತ ಕಂಡರೆ ನಮ್ಮ ಓಣಿಯ ಹಿರಿಯರಿಗೆ ಮೊದಲು ಬರುವ ಪ್ರಶ್ನೆ, ಎಲ್ಲಿ ಕೂರಿಸುತ್ತೀರಿ ಅನ್ನುವುದು. ಇಡೀ ಊರಿನ ಮುಂದೆ "ನಿಮಗೆ ಹೊಲ ಇಲ್ಲ" ಅಂತ ಬರೆದ ಹಾಗೂ ಆಗುತ್ತದೆ.

ಕರೆಯುವ ಮನಸ್ಸಿದ್ದರೆ ಮನೆಗೆ ಬಂದು ಕರೆಯಿರಿ. ಅವತ್ತು ಒಂದೇ ಸಾಲಿನಲ್ಲಿ ಕೂರಿಸಿ ಊಟ ಹಾಕಿ. ಬೋರ್ಡಿನಲ್ಲಿ ಬೇಡ.

ತೊಗರಿ ಬೆಳೆಗಾರ, ಚಿತ್ತಾಪುರ

ಅಣ್ಣಾ, ನಿಮ್ಮ ಮಾತು ಕೇಳಿ ಮನಸ್ಸಿಗೆ ಭಾರ ಆಯಿತು. ಆದರೂ ಒಂದು ಮಾತು. ಸದಸ್ಯೆಯ ಹೆಸರಿನಲ್ಲಿ "ಒಂದೇ ಸಾಲಿನಲ್ಲಿ ಊಟ" ಅಂತ ಬೋರ್ಡಿನಲ್ಲೇ ಬರೆದರೆ, ಊರಿನ ಬೇರೆ ಹೊಲದವರಿಗೂ ಒಂದು ದಾರಿ ಆಗುವುದಿಲ್ಲವಾ? ಮನೆಗೆ ಹೋಗಿ ಕರೆದದ್ದು ಆ ಮನೆಗೆ ಮಾತ್ರ ಗೊತ್ತಾಗುತ್ತದೆ.

ಅಂಬೇಡ್ಕರ್ ಓಣಿ, ಬಸವಕಲ್ಯಾಣ

ಬರೆದು, ಅವತ್ತು ಯಾರೋ ದೊಡ್ಡವರು ಎದ್ದು ಹೋದರೆ? ಅವಮಾನ ಆಗುವುದು ಕರೆದವರಿಗಲ್ಲ, ಬಂದವರಿಗೆ. ಮೊದಲು ಒಂದು ವರ್ಷ ಮಾಡಿ ತೋರಿಸಲಿ. ಆಮೇಲೆ ಬರೆಯಲಿ.

ನಿವೃತ್ತ ಮಾಸ್ತರ್, ಹುಮನಾಬಾದ್

ಇದರಲ್ಲಿ ನಾನು ತೀರ್ಪು ಕೊಡಲಾರೆ. ಇಬ್ಬರ ಮಾತಿಗೂ ತೂಕ ಇದೆ. ತಂಗೀ, ನಿಮ್ಮ ಓಣಿಯವರನ್ನು ಕೇಳಿಯೇ ಮುಂದೆ ಹೋಗಿ.

ಅಂಗನವಾಡಿ ಅಕ್ಕ, ಸುರಪುರ ತಾಲ್ಲೂಕು

ನಮ್ಮ ಕಡೆಯದ್ದು ಹೇಳುತ್ತೇನೆ. ದಸರೆಗೆ ನಮ್ಮ ಊರಲ್ಲಿ ಒಬ್ಬ ಸದಸ್ಯೆಯ ಹೆಸರಿನಲ್ಲಿ ಬ್ಯಾನರ್ ಬಂತು. ಅದರಲ್ಲಿ ಸದಸ್ಯೆಯ ಫೋಟೋ ಅಂಚೆಚೀಟಿಯಷ್ಟು, ಗಂಡನ ಫೋಟೋ ಆಳುದ್ದ, ಮೇಲೆ ಒಂದು ಪಕ್ಷದ ಮುಖಂಡರ ಸಾಲು. ಬನ್ನಿ ಕೊಡುವ ಹಬ್ಬಕ್ಕೆ ಎಲ್ಲರೂ ಎಲ್ಲರ ಮನೆಗೆ ಹೋಗುತ್ತಾರೆ. ಆ ವರ್ಷ ಅವರ ಮನೆಗೆ ಅರ್ಧ ಊರು ಹೋಗಲಿಲ್ಲ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುವುದು. ಶುಭಾಶಯದಲ್ಲಿ ಪಕ್ಷ ಬಂದರೆ ನಿಮಗೆ ವೋಟು ಹಾಕದ ಮನೆಗಳು ಹೊರಗೆ ಉಳಿದವು ಅಂತಲೇ ಅರ್ಥ. ಅಕ್ಕಾ, ನಿಮ್ಮ ಹೆಸರು ಸಾಕು. ಫೋಟೋನೂ ಬೇಡ.

ವಾರ್ಡ್ ಸದಸ್ಯೆ, ಭಾಲ್ಕಿ ತಾಲ್ಲೂಕು

ನಮ್ಮ ಯಜಮಾನರ ಫೋಟೋ ಹಾಕುವ ಮಾತು ಅಂಗಡಿಯಲ್ಲೇ ಬಂದಿತ್ತು. ಬೇಡ ಅಂದಿದ್ದೇನೆ. ಅವಧಿ ಮುಗಿಯುವ ಹೊತ್ತು ಬಂದಿದೆ, ಏನು ಹಾಕಿದರೂ ಪ್ರಚಾರ ಅನ್ನುತ್ತಾರೆ ಅನ್ನುವ ಅಳುಕೂ ಇದೆ. ಹೆಸರು ಕೆಳಗೆ ಚಿಕ್ಕದಾಗಿ ಇರಲಿ ಅಂತ ನಿರ್ಧರಿಸಿದೆ.

ತಾಂಡಾದ ಮಗಳು, ಕಮಲಾಪುರ

ಅಕ್ಕಾ, ನಿಮ್ಮ ಎರಡನೇ ಕರಡಿನಲ್ಲಿ ನಮ್ಮ ತಾಂಡಾ ಕಾಣಲಿಲ್ಲ. ಡಿಸೆಂಬರಿನಲ್ಲಿ ಅರ್ಧ ತಾಂಡಾ ಊರಲ್ಲೇ ಇರುವುದಿಲ್ಲ. ಕಬ್ಬು ಕಡಿಯಲು ಹೋಗಿರುತ್ತಾರೆ, ಇಲ್ಲ ಮುಂಬೈ, ಪುಣೆ, ಹೈದರಾಬಾದಿನಲ್ಲಿ ಕಟ್ಟಡ ಕೆಲಸ. ಊರಲ್ಲಿ ಇರುವವರು ಅಜ್ಜ, ಅಜ್ಜಿ, ಶಾಲೆಗೆ ಹೋಗುವ ಮಕ್ಕಳು. ಕಟ್ಟೆಯ ಬೋರ್ಡ್ ನಮ್ಮವರ ಕಣ್ಣಿಗೆ ಬೀಳುವುದೇ ಇಲ್ಲ. ದುಡಿಯಲು ಹೋದವರಿಗೂ ಒಂದು ಸಾಲು ಬರೆಯಿರಿ. ಮತ್ತೆ ವಾಟ್ಸಾಪಿಗೆ ಫೋಟೋ ಕಳಿಸುವ ಬದಲು ನಿಮ್ಮ ದನಿಯಲ್ಲಿ ಮಾತಾಡಿ ಕಳಿಸಿ. ನಮ್ಮಜ್ಜಿಗೆ ಓದಲು ಬರುವುದಿಲ್ಲ, ಕೇಳುತ್ತಾಳೆ. ತಾಂಡಾದ ಯಾವುದಾದರೂ ಹುಡುಗಿಯಿಂದ ಅದನ್ನೇ ಲಂಬಾಣಿಯಲ್ಲಿ ಹೇಳಿಸಿ ಕಳಿಸಿದರೆ ಕಬ್ಬಿನ ಗದ್ದೆಯಲ್ಲಿ ಇರುವವರೂ ಕೇಳುತ್ತಾರೆ.

ಸಾಫ್ಟ್‌ವೇರ್ ಹುಡುಗ, ಕಲಬುರಗಿ

ಹಾಗಾದರೆ ಬೋರ್ಡನ್ನೂ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕರಲ್ಲೂ ಬರೆಸಬಹುದಲ್ವಾ? ಬೀದರ್ ಅಂದರೆ ನಾಲ್ಕೂ ಭಾಷೆ ಇದೆ.

ಬೋರ್ಡ್ ಬರೆಯುವವನು, ಬೀದರ್

ನಾನು ಇದೇ ಕೆಲಸ ಮಾಡುವವನು. ಮೊದಲು ಒಂದು ಮಾತು, ಫ್ಲೆಕ್ಸ್ ಹಾಕಿಸಬೇಡಿ. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ನಿಷೇಧ ಇದೆ. ಎಲ್ಲ ಕಡೆ ನೇತಾಡುತ್ತಿದ್ದರೂ ಸದಸ್ಯರೇ ಹಾಕಿದರೆ ಮಾತು ಬರುತ್ತದೆ. ಬಟ್ಟೆಯ ಮೇಲೆ ಬರೆಸಿ.

ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಬಟ್ಟೆ ಅಂದುಕೊಳ್ಳಿ. ರಸ್ತೆಯ ಆಚೆ ಬದಿಯಿಂದ, ಅಂದರೆ ಮೂವತ್ತು ಅಡಿ ದೂರದಿಂದ ವಯಸ್ಸಾದವರು ಓದಬೇಕಾದರೆ ಅಕ್ಷರ ಮೂರು ಇಂಚು ಬೇಕು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಹಾಗಾಗಿ ಸಾಲಿಗೆ ಐದು ಇಂಚು ಹಿಡಿಯಬೇಕು. ಮೇಲೆ ಕೆಳಗೆ ಅಂಚು ಬಿಟ್ಟರೆ ಎಂಟು ಸಾಲು. ನಾಲ್ಕು ಭಾಷೆ ಹಾಕಿದರೆ ಒಂದೊಂದಕ್ಕೆ ಎರಡೇ ಸಾಲು. ಆಗ ಎಲ್ಲದರಲ್ಲೂ "ಹಾರ್ದಿಕ ಶುಭಾಶಯ" ಮಾತ್ರ ಉಳಿಯುತ್ತದೆ. ಈಗ ನೀವು ಇಷ್ಟು ಕಷ್ಟಪಟ್ಟು ಬರೆದ ಮಾತೆಲ್ಲ ಹೋಗುತ್ತದೆ.

ಪಾಲುದಾರ ರೈತ, ಔರಾದ್

ನಮ್ಮ ಅಬ್ಬಾ ಉರ್ದು ಮಾತ್ರ ಓದುತ್ತಾರೆ. ಪಕ್ಕದ ಮನೆಯ ಕಾಕಾ ಮರಾಠಿ ಮಾತ್ರ. ನನಗೆ ಕನ್ನಡ ಬರುತ್ತದೆ, ನನ್ನ ಮಕ್ಕಳಿಗೆ ಇನ್ನೂ ಚೆನ್ನಾಗಿ ಬರುತ್ತದೆ. ಬೋರ್ಡ್ ಕನ್ನಡದಲ್ಲೇ ಇರಲಿ. ಆದರೆ ಹಬ್ಬದ ಹೆಸರು ಮತ್ತು ತಾರೀಖು ಒಂದು ಸಾಲಲ್ಲಿ ಉರ್ದು, ಒಂದು ಸಾಲಲ್ಲಿ ಮರಾಠಿ ಇದ್ದರೆ ಆ ಹಿರಿಯರು ನಿಂತು ನೋಡುತ್ತಾರೆ. ಉಳಿದದ್ದನ್ನು ಮಕ್ಕಳು ಓದಿ ಹೇಳುತ್ತಾರೆ.

ನಿವೃತ್ತ ಮಾಸ್ತರ್, ಹುಮನಾಬಾದ್

ಎಂಟರಲ್ಲಿ ಎರಡು ಸಾಲು ಹೋದರೂ ಆರು ಉಳಿಯುತ್ತವೆ. ಸಾಕು. ಅಂಗಡಿಯವರು ಉರ್ದು ಬರೆಯುವಾಗ ಓದಲು ಬರುವವರು ಪಕ್ಕದಲ್ಲಿ ಕೂರಲಿ. ಕಂಪ್ಯೂಟರಿನಲ್ಲಿ ಉರ್ದು ಅಕ್ಷರ ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ಅಚ್ಚಾಗಿ ಬಂದದ್ದನ್ನು ನಾನು ನೋಡಿದ್ದೇನೆ. ಗೌರವಕ್ಕೆ ಅಂತ ಹಾಕಿದ ಸಾಲು ಓದಲಿಕ್ಕೇ ಬಾರದ ಹಾಗೆ ಆಗುತ್ತದೆ.

ವಾರ್ಡ್ ಸದಸ್ಯೆ, ಭಾಲ್ಕಿ ತಾಲ್ಲೂಕು

ನಿನ್ನೆ ಅಂಬೇಡ್ಕರ್ ಓಣಿಗೂ ತಾಂಡಾಕ್ಕೂ ಹೋಗಿ ಬಂದೆ. ಬೋರ್ಡಿಗೆ ಹೋಗುವ ಮಾತು ಇದು:

"ವಾರ್ಡಿನ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ,
ಮಳೆಗೆ ಉದ್ದು, ಸೋಯಾ ಹೋದವು. ಜೋಳ, ಕಡಲೆ ಕೈ ಹಿಡಿಯಲಿ.
ಬಿತ್ತಿದವರಿಗೆ, ಕಳೆ ತೆಗೆದವರಿಗೆ, ದನ ಕಾಯುವವರಿಗೆ,
ಅಡುಗೆ ಮಾಡಿ ಹೊಲಕ್ಕೆ ತರುವವರಿಗೆ,
ಊರು ಬಿಟ್ಟು ದುಡಿಯಲು ಹೋದ ನಮ್ಮ ಮಕ್ಕಳಿಗೆ,
ಎಲ್ಲರಿಗೂ ಎಳ್ಳ ಅಮವಾಸ್ಯೆಯ ಶುಭಾಶಯ."

ಮೇಲೆ ಉರ್ದು, ಮರಾಠಿ ಒಂದೊಂದು ಸಾಲು, ಹಬ್ಬದ ಹೆಸರು ಮತ್ತು ತಾರೀಖು. ನನ್ನ ಹೆಸರು ಕೆಳಗಿನ ಅಂಚಿನಲ್ಲಿ. ಹಬ್ಬದ ದಿನ ಎಲ್ಲರೂ ಬೇಗ ಹೊಲಕ್ಕೆ ಹೋಗುತ್ತಾರೆ, ನಳದ ನೀರು ಬೆಳಿಗ್ಗೆ 5 ಗಂಟೆಗೇ ಬಿಡಿಸಲು ಕೇಳಿದ್ದೇನೆ. ಅದು ಪಂಚಾಯ್ತಿ ಸೂಚನೆ, ಬೇರೆಯಾಗಿ ಹೋಗುತ್ತದೆ. ದನಿಯ ಸಂದೇಶವನ್ನು ತಾಂಡಾದ ಒಬ್ಬ ಕಾಲೇಜು ಹುಡುಗಿ ಲಂಬಾಣಿಯಲ್ಲಿ ಹೇಳಲು ಒಪ್ಪಿದ್ದಾಳೆ.

ಊಟದ ಕರೆ ಬೋರ್ಡಿನಿಂದ ತೆಗೆದೆ. ಓಣಿಯಲ್ಲಿ ಮನೆ ಮನೆಗೆ ಹೋಗಿ ಕರೆದೆ. ಊಟ ಎರಡೂವರೆಗೆ, ನಮಾಜಿಗೆ ಹೋದವರೂ ಬಂದ ಮೇಲೆ. ಕೆಲವರು ಬರುತ್ತೇವೆ ಅಂದರು. ಒಬ್ಬರು ಹಿರಿಯರು "ನೋಡೋಣ ಬಿಡವ್ವ" ಅಂದರು. ನಮ್ಮ ಅತ್ತೆ ಮನೆಯ ಕಡೆಯವರಿಗೂ ಒಂದೇ ಸಾಲು ಅಂತ ಹೇಳಿದ್ದೇನೆ. ಇಬ್ಬರು ಇನ್ನೂ ಉತ್ತರ ಕೊಟ್ಟಿಲ್ಲ.

ಅಂಬೇಡ್ಕರ್ ಓಣಿ, ಬಸವಕಲ್ಯಾಣ

ಆ ಹಿರಿಯರನ್ನು ಗುರುವಾರ ಸಂಜೆ ಇನ್ನೊಂದು ಸಲ ಕರೆಯಿರಿ ಮೇಡಂ. ಅವತ್ತು ನೀವೂ ಅದೇ ಸಾಲಿನಲ್ಲಿ ಊಟಕ್ಕೆ ಕೂರಿ. ಬಡಿಸುತ್ತಾ ನಿಂತುಬಿಡಬೇಡಿ.

ಬೋರ್ಡ್ ಬರೆಯುವವನು, ಬೀದರ್

ಎರಡನೇ ಸಾಲು ಉದ್ದ ಆಯಿತು, ಆರು ಅಡಿಯಲ್ಲಿ ಹಿಡಿಯುವುದಿಲ್ಲ. "ಮಳೆಗೆ ಉದ್ದು, ಸೋಯಾ ಹೋದವು" ಒಂದು ಸಾಲು, "ಜೋಳ, ಕಡಲೆ ಕೈ ಹಿಡಿಯಲಿ" ಇನ್ನೊಂದು ಅಂತ ಮಾಡಿ. ಸಾಲು ಒಂಬತ್ತಾಗುತ್ತದೆ. ಬಟ್ಟೆ ಅರ್ಧ ಅಡಿ ಎತ್ತರ ಜಾಸ್ತಿ ತಗೊಳ್ಳಿ.